ಎಕ್ಸೆಲ್‌ನಲ್ಲಿ ಲಕ್ಷ-ಕೋಟಿಯ ಕಾಮಾ: ನನ್ನ ಅನುಭವ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಲೆಕ್ಕ ನಾಲ್ಕೈದು ವರ್ಷದಿಂದ ನನ್ನ ಕೈಲಿದೆ. ಕಳೆದ ಸಲದ ವಾರ್ಷಿಕ ಸಭೆಯ ಹಿಂದಿನ ರಾತ್ರಿ ಪೆನ್ ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಕೊನೇ ಗಳಿಗೆಯಲ್ಲಿ ಒಂದು ಅಂಕಿ ಬದಲಾಯ್ತು, ಅವರ ಕಂಪ್ಯೂಟರಿನಲ್ಲೇ ತಿದ್ದಿ 60 ಪ್ರತಿ ತೆಗೆಸಿದೆ. ಮನೆಗೆ ಬಂದು ನೋಡಿದರೆ ಕಟ್ಟಡ ದುರಸ್ತಿಯ ಸಾಲಿನಲ್ಲಿ 1,18,40,250 ಇರಬೇಕಾದ ಕಡೆ 11,840,250. ಬೆಳಿಗ್ಗೆ ಮತ್ತೆ ಓಡಿ ಹೊಸದಾಗಿ ಪ್ರಿಂಟ್ ಹಾಕಿಸಿದೆ. ಸಾವಿರದ ಐನೂರರ ಹತ್ತಿರ ಕೈಬಿಟ್ಟಿತು, ಅದೂ ನನ್ನ ಜೇಬಿನಿಂದ.

ಕಾರಣ ನಿಮಗೆ ಗೊತ್ತಿರುತ್ತದೆ. ಲಕ್ಷ-ಕೋಟಿಯಂತೆ ಕಾಮಾ ಬೀಳಲಿ ಅಂತ ನಾನು ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಬದಲಿಸಿ ಆರಾಮಾಗಿದ್ದೆ. ಅದು ಕಂಪ್ಯೂಟರಿನ ಜೊತೆ ಇರುತ್ತದೆ, ಫೈಲಿನ ಜೊತೆ ಬರಲ್ಲ. ನಮ್ಮ ಲೆಕ್ಕ ನೋಡುವವರು "ಬೇರೆ ದಾರಿಯೇ ಇಲ್ಲ ಸಾರ್, ಎಲ್ಲಾ ಕಡೆ ಸೆಟ್ಟಿಂಗ್ ಬದಲಿಸಬೇಕು" ಅಂದರು. ನನಗೆ ಹಠ ಹುಟ್ಟಿತು.

ಸೆಟ್ಟಿಂಗನ್ನು ಹಳೆಯದಕ್ಕೇ ತಂದು, ಮೊದಲು `#,##,##0` ಅಂತ ಬರೆದೆ. ಆ ಸೆಟ್ಟಿಂಗ್‌ನಲ್ಲಿ ಎಕ್ಸೆಲ್‌ಗೆ ಅಂಕಿಗಳ ನಡುವೆ ಕಾಮಾ ಕಂಡರೆ ಸಾಕು, ಎಲ್ಲೇ ಇರಲಿ, ಮೂರು ಮೂರಾಗಿಯೇ ಒಡೆಯುತ್ತದೆ. ಆಮೇಲೆ `TEXT` ಫಾರ್ಮುಲಾದಿಂದ ಕಾಮಾ ಕೂರಿಸಿ, ಬಲಕ್ಕೆ ಸರಿಸಿದೆ. ನೋಡೋಕೆ ಬಹಳ ಚೆನ್ನಾಗಿತ್ತು, ಒಟ್ಟು ಮಾತ್ರ ಸೊನ್ನೆ! ಬರೀ ಅಕ್ಷರ ಆಗಿಹೋದದ್ದನ್ನು `SUM` ಹೇಗೆ ಕೂಡುತ್ತದೆ? ಇಂಥದ್ದನ್ನು ಹಿಡಿಯೋದು ಸುಲಭ. ಅಲೈನ್‌ಮೆಂಟ್ ತೆಗೆದುಬಿಡಿ: ನಿಜವಾದ ಸಂಖ್ಯೆ ಬಲಕ್ಕೇ ನಿಲ್ಲುತ್ತದೆ, ಅಕ್ಷರ ಎಡಕ್ಕೆ ಓಡುತ್ತದೆ. ಅದಕ್ಕೇ ಈಗ ನಾನು ಬಲಕ್ಕೆ ಸರಿಸುವ ಬಟನ್ ಮುಟ್ಟೋದೇ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಇದು. `Ctrl+1` ಒತ್ತಿ, `Custom` ಜಾಗದಲ್ಲಿ ಒಂದೇ ಸಾಲಾಗಿ:

```
[>=10000000]##\,##\,##\,##0_);[>=100000]##\,##\,##0_);##,##0_)
```

ಹಿಂದೆ ಓರೆಗೆರೆ ಹಾಕಿದ ಕಾಮಾ ಬರೀ ಗುರುತು, ಹೇಳಿದ ಜಾಗದಲ್ಲೇ ಕೂರುತ್ತದೆ. ಲಕ್ಷದೊಳಗಿನ ಮೊತ್ತಕ್ಕೆ ಎರಡೂ ಪದ್ಧತಿಯಲ್ಲಿ ಕಾಮಾ ಒಂದೇ ಕಡೆ ಬೀಳೋದರಿಂದ ಮೂರನೇ ಭಾಗದಲ್ಲಿ ಓರೆಗೆರೆ ಬೇಕಿಲ್ಲ. ಕೊನೆಯ `_)` ಒಂದು ಕಂಸದಷ್ಟು ಜಾಗ ಬಿಡುತ್ತದೆ, ಅಂಕಿ ಗೆರೆಗೆ ಅಂಟಲ್ಲ. ಅದು ಮೂರೂ ಭಾಗದಲ್ಲಿ ಇರಲಿ. ಒಂದರಲ್ಲಿ ಮರೆತರೆ ಲಕ್ಷದ ಸಾಲುಗಳು ಒಂದು ಕೂದಲೆಳೆ ಪಕ್ಕಕ್ಕೆ ನಿಲ್ಲುತ್ತವೆ. ನಾನು ಅದನ್ನು ಹುಡುಕೋಕೆ ಅರ್ಧ ಗಂಟೆ ಕಳೆದೆ.

ನಾಲ್ಕು ಸಾಲು ಹಾಕಿ ನೋಡಿದೆ: 84,500, 6,72,300, 1,18,40,250 ಮತ್ತು ಬಡ್ಡಿಯ ಲೆಕ್ಕದಿಂದ ಬಂದ 99,999.60. ಮೊದಲ ಮೂರು ಸರಿಯಾಗಿ ಬಂದವು. ಕೊನೆಯದು 100,000 ಅಂತ ನಿಂತಿತು! ಷರತ್ತು ನೋಡೋದು ಒಳಗಿನ ನಿಜ ಸಂಖ್ಯೆಯನ್ನು, ಅದು ಲಕ್ಷಕ್ಕಿಂತ ನಲವತ್ತು ಪೈಸೆ ಕಡಿಮೆ. ಹಾಗಾಗಿ ಮೂರನೇ ಭಾಗಕ್ಕೆ ಹೋಗಿ, ಅಲ್ಲಿ ಪೂರ್ಣಾಂಕವಾಗಿ, ಹಳೆಯ ವೇಷದಲ್ಲೇ ಹೊರಬಂತು. ಆ ಸಾಲಿಗೆ `ROUND(…,0)` ಸುತ್ತಿದ ಮೇಲೆ 1,00,000 ಆಯ್ತು, ಒಟ್ಟು 1,26,97,050. ಕೋಟಿಯ ಗಡಿಯಲ್ಲೂ ಇದೇ ಕಥೆ. ಪೈಸೆ ಇರುವ ಹಾಳೆಯಲ್ಲಿ ಮೊದಲು ಇದನ್ನೇ ನೋಡಿ. ಒಟ್ಟಿನ ಸಾಲು ಎಲ್ಲಕ್ಕಿಂತ ಅಗಲ ಅನ್ನೋದನ್ನೂ ಮರೀಬೇಡಿ, ಕಾಲಮ್ ಚಿಕ್ಕದಾದರೆ ಅಲ್ಲಿ `####` ಬರುತ್ತದೆ.

ಇದರ ದೊಡ್ಡ ಕೊರತೆ ಮೈನಸ್. ಎಕ್ಸೆಲ್ ಎರಡೇ ಷರತ್ತು ಒಪ್ಪುತ್ತದೆ, ಉಳಿದದ್ದೆಲ್ಲ ಮೂರನೆಯದಕ್ಕೆ. ಮೈನಸ್ ಮೊತ್ತ ಅಲ್ಲಿಗೇ ಬಿದ್ದು -672,300 ಅಂತ ಕಾಣುತ್ತದೆ. ನಾನು ಜಮಾ, ಖರ್ಚು ಬೇರೆ ಬೇರೆ ಕಾಲಮ್ ಮಾಡಿ ತಪ್ಪಿಸಿಕೊಂಡೆ. ಬಾಕಿ ಕಾಲಮ್‌ಗೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಒಂದು ಉಪಾಯ ಮಾಡಿದ್ದೇನೆ. ಅದನ್ನು ಪೂರ್ತಿ ಬಿಡಿಸಿ ಹೇಳಲ್ಲ, ಅದಕ್ಕೆ ಎರಡು ಭಾನುವಾರ ಹೋಗಿವೆ.

ನಡುವೆ ಇನ್ನೊಂದು ಹುಚ್ಚು. ಮೊತ್ತವನ್ನೇ "118.40 ಲಕ್ಷ" ಅಂತ ತೋರಿಸೋಣ ಅಂತ ಫಾರ್ಮ್ಯಾಟ್ ಕೊನೆಗೆ ಕಾಮಾ ಹಾಕಿ ನೋಡಿದೆ. ಒಂದು ಕಾಮಾ ಮೂರು ಸೊನ್ನೆ ನುಂಗುತ್ತದೆ, ಎರಡು ಹಾಕಿದರೆ ಆರು. ಲಕ್ಷಕ್ಕೆ ಬೇಕಾದ ಐದು ಬರೀ ಕಾಮಾದಿಂದ ಆಗಲ್ಲ. ಕೊನೆಗೆ ಪಕ್ಕದ ಕಾಲಮ್‌ನಲ್ಲಿ 1,00,000ರಿಂದ ಭಾಗಿಸಿದೆ.

ಈ ಸಲ ಅದೇ ಜೆರಾಕ್ಸ್ ಅಂಗಡಿಯಲ್ಲಿ, ಅದೇ ಸೆಟ್ಟಿಂಗ್ ಬದಲಿಸದ ಕಂಪ್ಯೂಟರಿನಲ್ಲಿ ಫೈಲ್ ತೆರೆದೆ. ಕಾಮಾಗಳು ಕೂತಲ್ಲೇ ಕೂತಿದ್ದವು. ಲೆಕ್ಕ ನೋಡುವವರಿಗೂ ಕಳಿಸಿದೆ. "ಆ ಸಾಲನ್ನ ನನಗೂ ಕಳಿಸಿ ಸಾರ್" ಅಂದರು.