ಬೋರ್ಡ್ ಪರೀಕ್ಷೆಗೆ ಮುನ್ನ ಕೈಮುರಿದ ಹುಡುಗನಿಗೆ ಲಿಪಿಕಾರ ಸಿಕ್ಕಿದ್ದು ಹೇಗೆ

ಬಲಗೈಗೆ ಪ್ಲಾಸ್ಟರ್ ಬಿದ್ದ ಮಗುವಿನ ಮನೆಯವರು ಮೊದಲು ಓಡುವುದು ಅಂಗವೈಕಲ್ಯ ಪ್ರಮಾಣಪತ್ರದ ಹಿಂದೆ. ಸಿಬಿಎಸ್‌ಇ ಶಾಲೆಯಲ್ಲಿ ಪರೀಕ್ಷಾ ವಿಭಾಗ ನೋಡಿಕೊಳ್ಳುವ ನನ್ನ ಬಳಿಗೆ ಹತ್ತನೆಯ ತರಗತಿಯ ಹುಡುಗನೊಬ್ಬನ ತಾಯಿ ಬಂದದ್ದೂ ಅದಕ್ಕಾಗಿಯೇ. ಆತ ಸೈಕಲ್‌ನಿಂದ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದ. ಬೋರ್ಡ್ ಪರೀಕ್ಷೆ ಹತ್ತಿರದಲ್ಲೇ ಇತ್ತು. “ಮೇಡಂ, ಆ ಸರ್ಟಿಫಿಕೇಟ್ ಸಿಗುವುದಕ್ಕೆ ಎಷ್ಟು ದಿನ ಹಿಡಿಯುತ್ತದೋ” ಎಂದು ಅವರು ಕಂಗಾಲಾಗಿದ್ದರು.

ಅದರ ಅಗತ್ಯವೇ ಇಲ್ಲ ಎಂದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೀರ್ಘಕಾಲದ ನ್ಯೂನತೆಯನ್ನು ಕುರಿತದ್ದು. ಒಂದೆರಡು ತಿಂಗಳಲ್ಲಿ ಕೂಡಿಕೊಳ್ಳುವ ಮೂಳೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಇಂಥವರಿಗಾಗಿಯೇ ಸಿಬಿಎಸ್‌ಇಯ ಪರೀಕ್ಷಾ ಉಪನಿಯಮಗಳಲ್ಲಿ ಬೇರೊಂದು ದಾರಿ ಇದೆ. ಹಠಾತ್ ಕಾಯಿಲೆಯಿಂದಾಗಲೀ ಅಪಘಾತದಿಂದಾಗಲೀ ಬರೆಯಲಾಗದ ವಿದ್ಯಾರ್ಥಿಗೆ, ಆತ ಹೇಳಿದ್ದನ್ನು ಬರೆಯುವ ಲಿಪಿಕಾರನನ್ನು ಕೊಡಬಹುದು. ಆದರೆ ಆತನಿಗೆ ಬರೆಯಲು ಆಗುವುದಿಲ್ಲವೆಂದು ಅಸಿಸ್ಟೆಂಟ್ ಸರ್ಜನ್ ದರ್ಜೆಗೆ ಕಡಿಮೆಯಿಲ್ಲದ ವೈದ್ಯಾಧಿಕಾರಿ ದೃಢೀಕರಿಸಿರಬೇಕು.

ಎಡವಟ್ಟಾಗುವುದು ಈ ದೃಢೀಕರಣದಲ್ಲೇ. ಹುಡುಗನ ತಾಯಿ ತಂದಿದ್ದ ಖಾಸಗಿ ಆಸ್ಪತ್ರೆಯ ಚೀಟಿಯಲ್ಲಿ ಮುರಿದ ಮೂಳೆಯ ಹೆಸರು, ಹಾಕಿದ ಪ್ಲಾಸ್ಟರ್, “ಆರು ವಾರ ವಿಶ್ರಾಂತಿ” ಇಷ್ಟೇ ಇತ್ತು. ಚಿಕಿತ್ಸೆಗೆ ಅಷ್ಟು ಸಾಕು, ಪರೀಕ್ಷೆಗೆ ಸಾಲದು. ಮೊಣಕೈ ಕೆಳಗಿನ ಪ್ಲಾಸ್ಟರ್‌ನಲ್ಲಿ ಬೆರಳುಗಳು ಹೊರಗೆ ಕಾಣುತ್ತಿರುತ್ತವೆ. ಅದನ್ನು ನೋಡಿದ ಯಾರಾದರೂ “ಪೆನ್ನು ಹಿಡಿಯಬಹುದಲ್ಲ” ಎಂದು ಕೇಳಿದರೆ ಉತ್ತರ ಕಾಗದದಲ್ಲೇ ಇರಬೇಕು. ಹಾಗಾಗಿ ಎಕ್ಸ್‌ರೇ ಮತ್ತು ಚೀಟಿಯೊಂದಿಗೆ ಅವರನ್ನು ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕಳುಹಿಸಿದೆ. ಪ್ರಮಾಣಪತ್ರದಲ್ಲಿ ಮೂರು ಸಂಗತಿ ಇರಲೇಬೇಕೆಂದು ಬರೆದೂ ಕೊಟ್ಟೆ: ಬರೆಯುವ ಕೈ ಯಾವುದು, ಆ ಕೈಯಿಂದ ಬರೆಯಲು ಸಾಧ್ಯವಿಲ್ಲ ಎಂಬ ಸ್ಪಷ್ಟ ವಾಕ್ಯ, ಮತ್ತು ಯಾವ ದಿನಾಂಕದವರೆಗೆ ಎಂಬುದು. ಕೆಳಗೆ ವೈದ್ಯರ ಹೆಸರು, ಹುದ್ದೆ, ನೋಂದಣಿ ಸಂಖ್ಯೆ, ಮೊಹರು.

ದಿನಾಂಕದ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಫೆಬ್ರವರಿಯಲ್ಲಿ ಆರಂಭವಾಗುವ ಪರೀಕ್ಷೆ ವಾರಗಟ್ಟಲೆ ನಡೆಯುತ್ತದೆ. ನಡುವೆ ಪ್ಲಾಸ್ಟರ್ ಬಿಚ್ಚಿದರೂ ಮಣಿಕಟ್ಟು ಬಿಗಿದುಕೊಂಡಿರುತ್ತದೆ, ಮೂರು ಗಂಟೆ ಬರೆಯುವ ಶಕ್ತಿ ಬೆರಳುಗಳಿಗೆ ಒಡನೆಯೇ ಬರುವುದಿಲ್ಲ. “ಆರು ವಾರ” ಎಂದಷ್ಟೇ ಇದ್ದರೆ ಕೊನೆಯ ಪತ್ರಿಕೆಯ ಹೊತ್ತಿಗೆ ಅವಧಿ ಮುಗಿದಿರುತ್ತದೆ. ವೈದ್ಯರಿಗೆ ವೇಳಾಪಟ್ಟಿ ತೋರಿಸಿದ್ದರಿಂದ ಅವರು ಕೊನೆಯ ಪರೀಕ್ಷೆಯ ದಿನಾಂಕವನ್ನೂ ಸೇರಿಸಿ ಬರೆದರು.

ಇನ್ನು ಅನುಮತಿ ಕೊಡುವವರು ಯಾರು? ವಿದ್ಯಾರ್ಥಿ ಓದುವ ಶಾಲೆಯ ಪ್ರಾಂಶುಪಾಲರಲ್ಲ. ಅವರು ಮನವಿಯನ್ನು ಶಿಫಾರಸು ಮಾಡಿ ಮುಂದೆ ಕಳುಹಿಸುತ್ತಾರೆ, ಅಷ್ಟೆ. ಲಿಪಿಕಾರನನ್ನು ಆರಿಸುವ ಹೊಣೆ ಪರೀಕ್ಷಾ ಕೇಂದ್ರದ ಅಧೀಕ್ಷಕರದು. ಅವರು ವಿದ್ಯಾರ್ಥಿಯ ಮತ್ತು ಲಿಪಿಕಾರನ ಪೂರ್ಣ ವಿವರಗಳ ವರದಿಯನ್ನು ಕೂಡಲೇ ಬೋರ್ಡಿನ ಪರೀಕ್ಷಾ ನಿಯಂತ್ರಕರಿಗೆ ಕಳುಹಿಸಬೇಕು, ಅಂತಿಮ ಒಪ್ಪಿಗೆ ಬೋರ್ಡಿನದು. ಪರೀಕ್ಷೆಯ ಹಿಂದಿನ ದಿನ ಕೈಮುರಿದವನೂ ಬರೆಯುವಂತಾಗಿರುವುದು ಕೇಂದ್ರದಲ್ಲೇ ಕೆಲಸ ಶುರುವಾಗುವ ಈ ವ್ಯವಸ್ಥೆಯಿಂದ. ನಮಗೆ ಸಮಯವಿತ್ತು. ತಂದೆತಾಯಿಯ ಮನವಿ, ಪ್ರಮಾಣಪತ್ರ, ಪ್ರವೇಶಪತ್ರದ ಪ್ರತಿ, ನಮ್ಮ ಪ್ರಾಂಶುಪಾಲರ ಪತ್ರ ಇವಿಷ್ಟನ್ನೂ ಕೇಂದ್ರದ ಅಧೀಕ್ಷಕರಿಗೆ ಕೊಟ್ಟು, ಬೆಂಗಳೂರಿನ ಪ್ರಾದೇಶಿಕ ಕಚೇರಿಗೂ ಒಂದು ಪ್ರತಿ ಕಳುಹಿಸಿದೆವು. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿಯ ಸಹಿ ಮತ್ತು ಮೊಹರು ಪಡೆದುಕೊಂಡೆ.

ಲಿಪಿಕಾರ ವಿದ್ಯಾರ್ಥಿಗಿಂತ ಕೆಳಗಿನ ತರಗತಿಯವನಾಗಿರಬೇಕು. ಹತ್ತನೆಯವನಿಗೆ ಒಂಬತ್ತನೆಯವನು ಸಾಕು ಎಂದು ಹೇಳುವುದು ಸುಲಭ, ಆದರೆ ಅದೇ ದಿನಗಳಲ್ಲಿ ಒಂಬತ್ತನೆಯ ತರಗತಿಗೂ ವಾರ್ಷಿಕ ಪರೀಕ್ಷೆ ಇರುತ್ತದೆ. ಎರಡೂ ವೇಳಾಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಅಡ್ಡಿಯಾಗದ ಮಗುವಿನ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಭಾಷೆಯನ್ನೂ ಮರೆಯಬಾರದು. ನಮ್ಮ ಹುಡುಗ ಕನ್ನಡ ತೆಗೆದುಕೊಂಡಿದ್ದ. ಇಂಗ್ಲಿಷಿನಲ್ಲಿ ಚುರುಕಾಗಿ ಬರೆಯುವ ಮಗುವಿಗೆ ಒತ್ತಕ್ಷರ ತಪ್ಪಿಲ್ಲದೆ ಕನ್ನಡ ಬರೆಯಲು ಬಾರದಿದ್ದರೆ ಆ ಪತ್ರಿಕೆ ಕೆಟ್ಟಂತೆಯೇ. ಅಧೀಕ್ಷಕರಿಗೆ ಇದನ್ನು ಮೊದಲೇ ತಿಳಿಸಿದ್ದರಿಂದ ಅವರು ಕನ್ನಡ ಓದುತ್ತಿದ್ದ ಹುಡುಗಿಯನ್ನೇ ಆರಿಸಿದರು.

ಹೆಚ್ಚುವರಿ ಸಮಯ ಬೇರೆಯೇ ಪ್ರಶ್ನೆ. ಅಂಗವಿಕಲ ಅಭ್ಯರ್ಥಿಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಪರಿಹಾರ ಸಮಯ ನೀಡುತ್ತದೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಅಪಘಾತದ ನಿಯಮ ಹೇಳುವುದು ಲಿಪಿಕಾರನ ವಿಷಯ. ಒಂದು ಸಿಕ್ಕರೆ ಇನ್ನೊಂದೂ ತಾನಾಗಿ ಸಿಗುತ್ತದೆ ಎಂದು ಭಾವಿಸಬಾರದು. ಮನವಿಯಲ್ಲಿ ಸಮಯವನ್ನು ಪ್ರತ್ಯೇಕ ವಾಕ್ಯದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು. “ಕೊಡೋಣ ಬಿಡಿ” ಎಂಬ ಬಾಯಿಮಾತನ್ನು ನಂಬಿದ ಮಗುವಿನ ಮುಂದಿನಿಂದ ಪರೀಕ್ಷೆಯ ನಡುವೆ ಉತ್ತರಪತ್ರಿಕೆ ಎತ್ತಿಕೊಳ್ಳುವುದು ಕ್ರೂರವಾಗುತ್ತದೆ. ನಾವೂ ಸಮಯ ಕೇಳಿದ್ದೆವು. ಅನುಮತಿ ಬಂದದ್ದು ಲಿಪಿಕಾರನಿಗೆ ಮಾತ್ರ. ಆದ್ದರಿಂದ ಮೂರೇ ಗಂಟೆ ಎಂದು ಗಟ್ಟಿಮಾಡಿಕೊಂಡು ತಯಾರಿ ನಡೆಸಿದೆವು.

ನನ್ನ ಮಟ್ಟಿಗೆ ಅನುಮತಿಗಿಂತ ಈ ತಯಾರಿಯೇ ದೊಡ್ಡದು. ಹೇಳಿ ಬರೆಸುವುದು ಬರೆಯುವುದಕ್ಕಿಂತ ನಿಧಾನ, ಗಣಿತದಲ್ಲಂತೂ ಬಹಳ ನಿಧಾನ. ಹತ್ತನೆಯ ತರಗತಿಯ ಗಣಿತದ ಸೂತ್ರಗಳು ಒಂಬತ್ತನೆಯ ಮಗುವಿಗೆ ಹೊಸವು. “ಸೈನ್ ಸ್ಕ್ವೇರ್ ಥೀಟಾ” ಎಂದರೆ 2 ಅನ್ನು ಎಲ್ಲಿ ಹಾಕಬೇಕೆಂದು ಆಕೆಗೆ ತಿಳಿಯದೇ ಇರಬಹುದು. ಆದ್ದರಿಂದ ಹುಡುಗನಿಗೆ ತಮ್ಮನ ಕೈಯಲ್ಲಿ ಹಳೆಯ ಪತ್ರಿಕೆಗಳನ್ನು ಬರೆಸುವ ಅಭ್ಯಾಸ ಮಾಡಿಸಿದೆ. ಆವರಣ ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ, ಭಿನ್ನರಾಶಿಯ ಗೆರೆಯ ಕೆಳಗೆ ಏನಿದೆ, ಯಾವಾಗ ಹೊಸ ಸಾಲು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಮೊದಲು ಆತ ಮನಸ್ಸಿನಲ್ಲೇ ಎರಡು ಹೆಜ್ಜೆ ದಾಟಿ ಉತ್ತರ ಹೇಳಿಬಿಡುತ್ತಿದ್ದ. ಹೇಳದ ಹೆಜ್ಜೆ ಕಾಗದಕ್ಕೆ ಬರುವುದಿಲ್ಲ, ಅದರ ಅಂಕವೂ ಬರುವುದಿಲ್ಲ. ರೇಖಾಗಣಿತದ ಚಿತ್ರಕ್ಕೆ “ಎ ಮೇಲೆ, ಬಿ ಎಡಕ್ಕೆ, ಸಿ ಬಲಕ್ಕೆ” ಎಂದು ಬಿಂದುಗಳನ್ನು ಮೊದಲು ಹೇಳಿ ಆಮೇಲೆ ಗೆರೆ ಎಳೆಸುವುದು ಒಳ್ಳೆಯದು.

ಪರೀಕ್ಷೆಯ ದಿನ ಆತನಿಗೆ ಪ್ರತ್ಯೇಕ ಕೊಠಡಿ, ಪ್ರತ್ಯೇಕ ಮೇಲ್ವಿಚಾರಕರು. ಉತ್ತರಗಳನ್ನು ಬಾಯಲ್ಲಿ ಹೇಳುವಾಗ ಬೇರೆಯವರ ಕಿವಿಗೆ ಬೀಳಬಾರದಲ್ಲ. 10.15ರಿಂದ ಸಿಗುವ ಓದುವ ಹದಿನೈದು ನಿಮಿಷಗಳಲ್ಲಿ ಯಾವುದನ್ನು ಮೊದಲು ಹೇಳುವುದೆಂದು ಆತ ತೀರ್ಮಾನಿಸಿಕೊಳ್ಳುತ್ತಿದ್ದ. ಗಣಿತದಲ್ಲಿ ಒಂದು ಅಂಕದ 20 ಪ್ರಶ್ನೆಗಳನ್ನು ಮುಗಿಸಿ, ನೇರವಾಗಿ ಐದು ಅಂಕದವುಗಳಿಗೆ ಹೋದ. ದಣಿವಾಗುವ ಮೊದಲೇ ಉದ್ದದ ಉತ್ತರಗಳನ್ನು ಬರೆಸಿಬಿಡಬೇಕೆಂದು ನಾವು ಅಭ್ಯಾಸದಲ್ಲೇ ಗೊತ್ತುಮಾಡಿಕೊಂಡಿದ್ದೆವು. ಪ್ರತಿ ಉತ್ತರ ಮುಗಿದೊಡನೆ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು ಸಂಖ್ಯೆಗಳನ್ನು ಕಣ್ಣಾಡಿಸುವುದು ಆತನಿಗೆ ರೂಢಿಯಾಗಿತ್ತು. ಲಿಪಿಕಾರಳು ತಾನಾಗಿ ಏನನ್ನೂ ತಿದ್ದುವಂತಿಲ್ಲ, ತಪ್ಪು ಕಂಡರೆ ಅದನ್ನು ಹೇಳಿ ತಿದ್ದಿಸಬೇಕಾದವನು ಆತನೇ.

ಕೊನೆಯ ಎರಡು ಪತ್ರಿಕೆಗಳ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿಯಾಗಿತ್ತು. ಕೈ ನೋಡಿದ ಮೇಲ್ವಿಚಾರಕರೊಬ್ಬರು ಸಹಜವಾಗಿಯೇ ಪ್ರಶ್ನಿಸಿದರು. ಅಧೀಕ್ಷಕರು ಪ್ರಮಾಣಪತ್ರದಲ್ಲಿದ್ದ ದಿನಾಂಕ ತೋರಿಸಿದರು, ಪರೀಕ್ಷೆ ಮುಂದುವರಿಯಿತು. ಆ ಕಡತದ ಪ್ರತಿಗಳನ್ನು ಫಲಿತಾಂಶ ಬರುವವರೆಗೂ ನನ್ನ ಕಪಾಟಿನಲ್ಲೇ ಇಟ್ಟುಕೊಂಡಿದ್ದೆ.