ಹಸುಗೂಸಿನ ಮೂಗು ಕಟ್ಟಿದಾಗ: ಮೊದಲು ಸಲೈನ್, ಆಮೇಲೆ ಉಸಿರೆಣಿಕೆ

“ಎದಿ ಗುರುಗುಟ್ಟಾಕತ್ತೈತ್ರಿ, ರಾತ್ರಿಯೆಲ್ಲ ಹಾಲು ಕುಡಿವಲ್ದು.” ನವೆಂಬರ್ ಬಂತೆಂದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ತಾಯಂದಿರು ಹೇಳುವುದು ಬಹುತೇಕ ಇದನ್ನೇ. ಭತ್ತದ ಕಟಾವಿನ ಧೂಳು, ಹುಲ್ಲು ಸುಟ್ಟ ಹೊಗೆ, ಬೆಳಗಿನ ಜಾವದ ಚಳಿ ಎಲ್ಲ ಒಟ್ಟಿಗೆ ಬರುವ ಕಾಲ ಅದು. ಗುರುಗುಟ್ಟುವುದು ನಿಜವಾಗಿ ಎದೆಯೋ ಮೂಗೋ ಎಂಬುದು ಮನೆಯಲ್ಲಿ ಗೊತ್ತಾಗುವುದಿಲ್ಲ. ಮಗುವಿನ ಬೆನ್ನ ಮೇಲೆ ಕೈಯಿಟ್ಟರೂ ಮೂಗಿನ ಸದ್ದೇ ಕೈಗೆ ತಾಗುತ್ತದೆ. ಹಾಗಾಗಿ ನಾನು ಮೊದಲು ಮೂಗು ಬಿಡಿಸುತ್ತೇನೆ, ಆಮೇಲೆ ಉಸಿರು ಎಣಿಸುತ್ತೇನೆ. ಈ ಕ್ರಮ ಒಂದೇ ಹೊತ್ತಿಗೆ ಔಷಧವೂ ಹೌದು, ಪರೀಕ್ಷೆಯೂ ಹೌದು.

ಮೊದಲ ಕೆಲವು ತಿಂಗಳು ಮಗು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಅದರ ಮೂಗಿನ ದಾರಿ ಬಹಳ ಕಿರಿದು, ಒಳಪೊರೆ ಸ್ವಲ್ಪ ಊದಿದರೂ ಗಾಳಿ ಸಲೀಸಾಗಿ ಹೋಗುವುದಿಲ್ಲ. ದೊಡ್ಡವರಿಗೆ ಬರೀ ಕಿರಿಕಿರಿ ಅನ್ನಿಸುವ ನೆಗಡಿ ಕೂಸಿನ ಹೊಟ್ಟೆಗೆ ಹೊಡೆತ ಕೊಡುವುದು ಇದರಿಂದಲೇ. ಮೊಲೆ ಹಿಡಿಯುತ್ತದೆ, ಎರಡು ಗುಟುಕು ಎಳೆಯುತ್ತದೆ, ಉಸಿರು ಸಿಗದೆ ಬಿಟ್ಟು ಅಳುತ್ತದೆ. ಹಾಲು ಕಡಿಮೆಯಾಗಿದೆ ಎಂದುಕೊಂಡು ಮನೆಯವರು ಡಬ್ಬಿ ಹಾಲು ತರುತ್ತಾರೆ. ಕೊರತೆ ಇದ್ದದ್ದು ಗಾಳಿಯದು.

ಬೇಕಾದ ಸಾಮಾನು ಎರಡೇ. ಮೊದಲನೆಯದು ಸಲೈನ್, ಅಂದರೆ ಉಪ್ಪುನೀರಿನ, ಸೋಡಿಯಂ ಕ್ಲೋರೈಡ್ ಮೂಗಿನ ಡ್ರಾಪ್ಸ್. ಮೆಡಿಕಲ್ ಶಾಪಿನಲ್ಲಿ 0.65 ಶೇಕಡಾ ಅಥವಾ 0.9 ಶೇಕಡಾ ಸಿಗುತ್ತದೆ, ಎರಡೂ ನಡೆಯುತ್ತದೆ. ಬಾಟಲಿಯ ಮೇಲೆ ಬೇರೆ ಔಷಧದ ಹೆಸರು ಇರಬಾರದು. “ಮೂಗು ಕಟ್ಟೈತಿ, ಡ್ರಾಪ್ಸ್ ಕೊಡ್ರಿ” ಎಂದು ಕೇಳಿದರೆ ಒಮ್ಮೊಮ್ಮೆ ಆಕ್ಸಿಮೆಟಜೋಲಿನ್ ಅಥವಾ ಜೈಲೋಮೆಟಜೋಲಿನ್ ಇರುವ ಬಾಟಲಿ ಕೈಗೆ ಬರುತ್ತದೆ. ನೋಡಲು ಒಂದೇ ಥರ ಇದ್ದರೂ ಅವು ರಕ್ತನಾಳ ಕುಗ್ಗಿಸುವ ಔಷಧಗಳು. ಕೂಸಿನ ಮೈಗೆ ಸೇರಿದರೆ ಮಗು ಮಂಕಾಗಬಹುದು, ಎದೆಬಡಿತ ನಿಧಾನವಾಗಬಹುದು, ಉಸಿರೂ ಇಳಿಯಬಹುದು. ಅದಕ್ಕೇ “ಉಪ್ಪುನೀರಿನ ಡ್ರಾಪ್ಸ್” ಎಂದೇ ಕೇಳಿ, ಚೀಟಿ ಓದಿ ತೆಗೆದುಕೊಳ್ಳಿ. ಎರಡನೆಯದು ಮೆತ್ತಗಿನ ತುದಿಯ ರಬ್ಬರ್ ಬಲ್ಬು.

ಅಂಗಡಿ ದೂರವಿದ್ದರೆ ಮನೆಯಲ್ಲೇ ಮಾಡಬಹುದು. 250 ಮಿಲಿ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, 5 ಮಿಲಿಯ ಚಮಚದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಪುಡಿ ಉಪ್ಪು ಹಾಕಿ ಪೂರ್ತಿ ಕರಗಿಸಬೇಕು. ಉಪ್ಪು ಜಾಸ್ತಿಯಾದರೂ ಉರಿಯುತ್ತದೆ, ಉಪ್ಪೇ ಇಲ್ಲದ ಬರೀ ನೀರೂ ಉರಿಯುತ್ತದೆ. ಮುಚ್ಚಿದ ಪಾತ್ರೆಯಲ್ಲಿಟ್ಟು, ಒಂದು ದಿನ ಕಳೆದ ಮೇಲೆ ಚೆಲ್ಲಿ ಹೊಸದು ಮಾಡಬೇಕು. ಕುದಿಸದ ಬೋರ್ ನೀರು ಬೇಡ.

ಕೆಲಸ ಮಾಡಬೇಕಾದ್ದು ಹಾಲು ಕುಡಿಸುವ ಹತ್ತು ನಿಮಿಷ ಮೊದಲು. ಹೊಟ್ಟೆ ತುಂಬಿದ ಮೇಲೆ ಮೂಗು ಎಳೆದರೆ ಕುಡಿದದ್ದೆಲ್ಲ ವಾಂತಿಯಾಗುತ್ತದೆ. ಬಾಟಲಿಯನ್ನು ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ತಂಪು ಬಿಡಿಸಿ. ಮಗುವಿನ ಕೈ ಒಳಗೆ ಸೇರಿಸಿ ಬಟ್ಟೆ ಸುತ್ತಿ, ತೊಡೆಯ ಮೇಲೆ ಅಂಗಾತ ಮಲಗಿಸಿ, ಭುಜದ ಕೆಳಗೆ ಒಂದು ಟವೆಲ್ ಮಡಿಕೆ ಇಟ್ಟರೆ ತಲೆ ತುಸು ಹಿಂದಕ್ಕೆ ವಾಲುತ್ತದೆ. ಒಂದೊಂದು ಹೊಳ್ಳೆಗೆ ಎರಡು ಹನಿ, ಬಹಳವೆಂದರೆ ಮೂರು. ಬಾಟಲಿಯ ತುದಿ ಮೂಗಿಗೆ ತಾಗಬಾರದು, ತಾಗಿದರೆ ಒರೆಸಿ ಮುಚ್ಚಬೇಕು. ಒಬ್ಬರ ಬಾಟಲಿ ಇನ್ನೊಂದು ಮಗುವಿಗೆ ಬೇಡ.

ಈಗ ಒಂದು ನಿಮಿಷ ಕಾಯಬೇಕು. ಬಹುಮಂದಿ ತಪ್ಪುವುದು ಇಲ್ಲೇ. ಹನಿ ಹಾಕಿದ ತಕ್ಷಣ ಎಳೆದರೆ ಹಾಕಿದ ನೀರಷ್ಟೇ ಬರುತ್ತದೆ, ಗಟ್ಟಿ ಸಿಂಬಳ ಒಳಗೇ ಕೂತಿರುತ್ತದೆ. ಕಾಯುವಾಗಲೇ ಮಗು ಸೀನಬಹುದು, ನುಂಗಬಹುದು, ಎರಡೂ ಒಳ್ಳೆಯದೇ. ಸೀನಿ ಮೂಗು ಬಿಟ್ಟಿದ್ದರೆ ಹೊರಗೆ ಬಂದದ್ದನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ನಿಲ್ಲಿಸಿಬಿಡಿ, ಬಲ್ಬು ಬೇಕಿಲ್ಲ.

ಬೇಕಾದರೆ, ಬಲ್ಬನ್ನು ಹೊರಗೇ ಹಿಚುಕಿ ಗಾಳಿ ತೆಗೆದು, ಹಿಚುಕಿದಂತೆಯೇ ಹಿಡಿದು ತುದಿಯನ್ನು ಹೊಳ್ಳೆಯ ಬಾಯಿಗೆ ಇಡಬೇಕು. ಮೂಗಿನ ನಡುವಿನ ಗೋಡೆಗೆ ಒತ್ತಬಾರದು, ಅಲ್ಲಿಂದಲೇ ರಕ್ತ ಬರುವುದು. ಬೆರಳನ್ನು ನಿಧಾನವಾಗಿ ಸಡಿಲಿಸಿದರೆ ಸಿಂಬಳ ಎಳೆದುಕೊಳ್ಳುತ್ತದೆ. ಹೊರಗೆ ತೆಗೆದು ಬಟ್ಟೆಯ ಮೇಲೆ ಹಿಚುಕಿ ಖಾಲಿ ಮಾಡಿ ಇನ್ನೊಂದು ಹೊಳ್ಳೆಗೆ ಹೋಗಿ. ಮೂಗಿನೊಳಗೆ ಇಟ್ಟ ಮೇಲೆ ಹಿಚುಕಿದರೆ ಸಿಂಬಳ ಹಿಂದಕ್ಕೆ ಹೋಗುತ್ತದೆ. ಎಳೆಯುವುದು ದಿನಕ್ಕೆ ನಾಲ್ಕು ಸಲಕ್ಕಿಂತ ಬೇಡ. “ಇನ್ನೂ ಸ್ವಲ್ಪ ಐತ್ರಿ” ಎಂದು ಮತ್ತೆ ಮತ್ತೆ ಎಳೆದರೆ ಒಳಪೊರೆ ಊದಿ, ಸಿಂಬಳವೇ ಇಲ್ಲದೆಯೂ ಮೂಗು ಕಟ್ಟುತ್ತದೆ. ಸಿಂಬಳದಲ್ಲಿ ರಕ್ತದ ಎಳೆ ಕಂಡರೆ ಬಲ್ಬು ಬದಿಗಿಟ್ಟು ಬರೀ ಹನಿಯಲ್ಲಿ ನಡೆಸಿ. ಬಲ್ಬನ್ನು ಪ್ರತಿಸಲ ಬಿಸಿ ಸೋಪುನೀರು ಎಳೆದು ತೊಳೆದು, ತುದಿ ಕೆಳಗೆ ಮಾಡಿ ಒಣಗಿಸಬೇಕು. ಒಳಗೆ ಕಪ್ಪು ಬೂಸ್ಟು ಕಂಡರೆ ಎಸೆಯಬೇಕು.

ಈಗ ಎಣಿಕೆ. ಎರಡೂವರೆ ತಿಂಗಳ ಮಗು, ನೆಗಡಿಯ ಮೂರನೇ ದಿನ ಎಂದಿಟ್ಟುಕೊಳ್ಳಿ. ಬಂದಾಗ ಮೂಗು ಗೊರಗೊರ ಅನ್ನುತ್ತಿದೆ, ಅರೆ ಅಳುವಿನಲ್ಲಿದೆ, ಉಸಿರು ನಿಮಿಷಕ್ಕೆ 64. ಪುಸ್ತಕದ ಲೆಕ್ಕ ಹೀಗೆ: ಎರಡು ತಿಂಗಳು ತುಂಬದ ಮಗುವಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು ಇದ್ದರೆ ವೇಗದ ಉಸಿರು. ಆ ಪ್ರಕಾರ ಇದು ನ್ಯುಮೋನಿಯಾದ ಪಟ್ಟಿಗೆ ಬೀಳುತ್ತದೆ. ಆದರೆ ಪಕ್ಕೆ ಸೆಳೆತ ಇಲ್ಲ, ತುಟಿ ಕೆಂಪಗಿದೆ, ಮೈ ಚುರುಕಾಗಿದೆ. ಸಲೈನ್ ಹಾಕಿ, ಮೂಗು ಬಿಡಿಸಿ, ತಾಯಿ ಹಾಲು ಕೊಟ್ಟು, ಮಗು ನಿದ್ದೆಗೆ ಜಾರಿದ ಮೇಲೆ ಮತ್ತೆ ಎಣಿಸಿದರೆ 44. ಸದ್ದು ಇದ್ದದ್ದು ಮೂಗಿನಲ್ಲಿ. ಆ ಮಗುವನ್ನು ಮನೆಗೆ ಕಳಿಸಬಹುದು.

ಅದೇ ಮಗು ಎರಡು ದಿನ ಬಿಟ್ಟು, ಐದನೇ ದಿನ ಸಂಜೆ ಮತ್ತೆ ಬರುತ್ತದೆ. ಮೂಗು ಈಗ ಅಷ್ಟೇನೂ ಕಟ್ಟಿಲ್ಲ. ಬಿಡಿಸಿ, ಸಮಾಧಾನ ಮಾಡಿ ಎಣಿಸಿದರೂ 62. ಮೊಲೆ ಹಿಡಿದು ಅರ್ಧಕ್ಕೇ ಸುಸ್ತಾಗಿ ಬಿಡುತ್ತಿದೆ, ಕೆಳಗಿನ ಪಕ್ಕೆಲುಬಿನ ಕೆಳಗೆ ಉಸಿರೆಳೆದಾಗಲೆಲ್ಲ ಗುಳಿ ಬೀಳುತ್ತಿದೆ. ಇದು ಮೂಗಲ್ಲ. ಸಣ್ಣ ಶ್ವಾಸನಾಳಗಳಿಗೆ ಇಳಿದ ವೈರಸ್, ಅಂದರೆ ಬ್ರಾಂಕಿಯೋಲೈಟಿಸ್, ಸಾಮಾನ್ಯವಾಗಿ ಜೋರಾಗುವುದು ಮೂರರಿಂದ ಐದನೇ ದಿನದ ಹೊತ್ತಿಗೇ. “ಮೊನ್ನೆ ನೋಡಿ ಏನಿಲ್ಲ ಅಂದಿದ್ರಲ್ರೀ” ಎಂಬ ಮಾತಿಗೆ ಉತ್ತರವೂ ಇದೇ: ಮೊನ್ನೆ ಇರಲಿಲ್ಲ, ಇವತ್ತಿದೆ. ಹಾಗಾಗಿ ಮೊದಲ ದಿನವೇ ಮನೆಯವರಿಗೆ ಎಣಿಸುವುದನ್ನು ಕಲಿಸಿ ಕಳಿಸುತ್ತೇನೆ.

ಎಣಿಸುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಮೊಬೈಲಿನ ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ ಇಡಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ಕೆಡುತ್ತದೆ, ಕೂಸು ನಾಲ್ಕು ಸಲ ಬೇಗ ಉಸಿರಾಡಿ ಒಂದೆರಡು ಕ್ಷಣ ಸುಮ್ಮನಿರುವುದು ಸಹಜ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ.

ಕೆಲವು ಲಕ್ಷಣ ಕಂಡರೆ ಮೂಗು ಬಿಡಿಸುತ್ತ ಕೂರಬಾರದು, ಎಣಿಸುತ್ತಲೂ ಕೂರಬಾರದು, ಹೊರಡಬೇಕು. ತುಟಿ ಅಥವಾ ನಾಲಿಗೆ ನೀಲಿಯಾಗುವುದು, ಉಸಿರು ಹತ್ತು ಹದಿನೈದು ಸೆಕೆಂಡು ನಿಂತುಹೋಗುವುದು, ಪ್ರತಿ ಉಸಿರಿಗೂ ನರಳುವುದು, ಪಕ್ಕೆ ಒಳಸೇದುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಮಾಮೂಲಿನ ಅರ್ಧದಷ್ಟೂ ಹಾಲು ಕುಡಿಯದಿರುವುದು, ಆರೆಂಟು ತಾಸು ಉಚ್ಚೆ ಹೊಯ್ಯದಿರುವುದು. ಎರಡು ತಿಂಗಳೊಳಗಿನ ಮಗುವಿಗೆ ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮೂರು ತಿಂಗಳೊಳಗೆ 100.4 ಮುಟ್ಟಿದರೆ ನೆಗಡಿ ಜ್ವರವೆಂದು ಮನೆಯಲ್ಲಿಟ್ಟುಕೊಳ್ಳಬಾರದು. ಮೈ ತಣ್ಣಗಾಗುವುದೂ ಅಷ್ಟೇ ಕೆಟ್ಟದ್ದು. ಇನ್ನೊಂದು ಅಪರೂಪದ ಗುರುತಿದೆ: ಹುಟ್ಟಿದಾಗಿನಿಂದ ಹಾಲು ಕುಡಿಯುವಾಗ ನೀಲಿಯಾಗಿ, ಬಾಯಿ ತೆರೆದು ಅತ್ತಾಗ ಬಣ್ಣ ಸರಿಹೋಗುವ ಮಗುವಿಗೆ ಮೂಗಿನ ಹಿಂದಿನ ದಾರಿಯೇ ಮುಚ್ಚಿರಬಹುದು. ಅದಕ್ಕೆ ಯಾವ ಡ್ರಾಪ್ಸೂ ಸಾಲದು.

ಸಿಂಬಳ ಹಳದಿ, ಹಸಿರು ಆಗುವುದು ಮಾತ್ರ ಈ ಪಟ್ಟಿಯಲ್ಲಿಲ್ಲ. ನೆಗಡಿ ಮಾಗುವಾಗ ಬಣ್ಣ ಬದಲಾಗುತ್ತದೆ, ಅದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ನೆಗಡಿ ಸಿರಪ್ಪೂ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. ಮನೆಯಲ್ಲಿ ಅಣ್ಣನಿಗೋ ಅಕ್ಕನಿಗೋ ತಂದ ಬಾಟಲಿ ಉಳಿದಿರುತ್ತದೆ, ಅದರಲ್ಲೇ ಕೂಸಿಗೂ ಎರಡು ಹನಿ ಹೋಗುತ್ತದೆ.

ಬಾಣಂತಿ ಮನೆಯ ಹಿರಿಯರೊಂದಿಗೆ ಜಗಳವಾಡಿ ಗೆಲ್ಲಲಾಗುವುದಿಲ್ಲ, ಆದರೆ ಮೂರು ವಿಷಯಕ್ಕೆ ನಾನು ಬಗ್ಗುವುದಿಲ್ಲ. ಮೂಗಿಗೆ ಎಣ್ಣೆ ಬಿಡುವುದು ಒಂದು: ಅದು ಶ್ವಾಸಕೋಶಕ್ಕೆ ಇಳಿದರೆ ಎಣ್ಣೆಯದೇ ನ್ಯುಮೋನಿಯಾ ಆಗುತ್ತದೆ. ಸ್ನಾನದ ಮೇಲೆ ತೊಟ್ಟಿಲ ಕೆಳಗೆ ಹಾಕುವ ಲೋಬಾನದ ಹೊಗೆ ಎರಡನೆಯದು. ಮೂರನೆಯದು ಕರ್ಪೂರ, ಮತ್ತು ಕರ್ಪೂರ ಇರುವ ಮುಲಾಮು. ಇದು ಮೈಗೆ ಸೇರಿದರೆ ಫಿಟ್ಸ್ ಬರಬಹುದು. “ನಾವೆಲ್ಲ ಹಿಂಗೇ ಬೆಳದೀವಿ” ಎನ್ನುವ ಅಜ್ಜಿಯ ಕೈಗೆ ಸಲೈನ್ ಬಾಟಲಿಯನ್ನೇ ಕೊಟ್ಟು, “ಹನಿ ಹಾಕೋದು ನಿಮ್ಮ ಕೆಲಸ ಅಮ್ಮಾ” ಎಂದರೆ ಎಣ್ಣೆಯ ಬಟ್ಟಲು ತಾನಾಗಿ ಬದಿಗೆ ಸರಿಯುತ್ತದೆ.

ಹಾಲು ಸ್ವಲ್ಪ ಸ್ವಲ್ಪ, ಆದರೆ ಬೇಗ ಬೇಗ ಕೊಡಬೇಕು. ಮೊಲೆ ಎಳೆಯಲಾಗದಿದ್ದರೆ ಹಾಲು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು. ಮಲಗಿಸುವುದು ಅಂಗಾತವೇ, ತಲೆದಿಂಬು ಬೇಡ.

ಆಸ್ಪತ್ರೆಗೆ ಹೊರಡುವಾಗ, ಉಸಿರು 70 ದಾಟಿ ಏದುಸಿರು ಬಿಡುವ ಮಗುವಿಗೆ ದಾರಿಯಲ್ಲಿ ಬಾಯಿಗೆ ಏನೂ ಹಾಕಬೇಡಿ, ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಬೈಕಿನಲ್ಲಿ ಮುಖ ಮುಚ್ಚಿ ಕರೆದೊಯ್ಯುವ ಬದಲು 108ಕ್ಕೆ ಕರೆಮಾಡಿ, ಎದೆಗೆ ಅವಚಿ ಬೆಚ್ಚಗೆ ಹಿಡಿದುಕೊಳ್ಳಿ, ಮೂಗು ಬಾಯಿ ತೆರೆದಿರಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿ ಮೊದಲು ಕೇಳುವುದು ನಾಲ್ಕು: ನೆಗಡಿ ಎಷ್ಟನೇ ದಿನ, ಕೊನೆಯ ಸಲ ಹಾಲು ಕುಡಿದದ್ದು ಯಾವಾಗ, ಉಚ್ಚೆ ಹೊಯ್ದದ್ದು ಯಾವಾಗ, ಮನೆಯಲ್ಲಿ ಎಣಿಸಿದಾಗ ಉಸಿರು ಎಷ್ಟಿತ್ತು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಹಾಕಿದ ಡ್ರಾಪ್ಸ್ ಬಾಟಲಿಯ ಜತೆ ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ.