ಕೆಲವು ಫ್ರೇಮ್ ಮನೆಯಲ್ಲಿ, ಕೆಲವು ಕ್ಲೌಡ್‌ನಲ್ಲಿ: ದುರ್ಬಲ ಕಂಪ್ಯೂಟರಿನಲ್ಲಿ ಭಾರದ ದೃಶ್ಯ ರೆಂಡರ್ ಮಾಡಿದ ಅನುಭವ

ನಾನು ಕೆಲಸ ಮಾಡುವುದು 8 ಜಿಬಿ ಮೆಮೊರಿಯ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ. ಬ್ಲೆಂಡರ್‌ನ ಸೈಕಲ್ಸ್ ಎಂಜಿನ್‌ನಲ್ಲಿ ರೆಂಡರ್ ಮಾಡಬೇಕಿದ್ದ ದೃಶ್ಯ ಹತ್ತು ಸೆಕೆಂಡಿನದು, ಅಂದರೆ ಸೆಕೆಂಡಿಗೆ 24ರಂತೆ 240 ಫ್ರೇಮುಗಳು. ಕ್ಯಾಮೆರಾ ಒಂದು ತೆರೆದ ಅಂಗಳದಿಂದ ಹೊರಟು ದಟ್ಟವಾದ ಮರಗಳ ನಡುವೆ ನುಗ್ಗಿ ಮತ್ತೆ ಬಯಲಿಗೆ ಬರುತ್ತದೆ. ಇಂಥ ಕೆಲಸ ಕೈಗೆ ಬಂದಾಗ ಎಲ್ಲವನ್ನೂ ಬಾಡಿಗೆಯ ಯಂತ್ರಕ್ಕೆ ಕಳುಹಿಸುವುದು ಅಥವಾ ಎಲ್ಲವನ್ನೂ ಮನೆಯ ಯಂತ್ರದಲ್ಲೇ ಹಲವು ರಾತ್ರಿ ಓಡಿಸುವುದು ಎಂಬ ಎರಡೇ ದಾರಿಗಳು ಕಾಣುತ್ತವೆ. ಆದರೆ ಒಂದೇ ದೃಶ್ಯದ ಎಲ್ಲ ಫ್ರೇಮುಗಳೂ ಒಂದೇ ತೂಕದವಲ್ಲ; ಯಾವುದು ಹಗುರ, ಯಾವುದು ಭಾರ ಎಂದು ಮೊದಲು ತಿಳಿದುಕೊಂಡರೆ ಬಾಡಿಗೆ ಬಹಳ ಕಡಿಮೆಯಾಗುತ್ತದೆ.

ಅದನ್ನು ತಿಳಿಯಲು ಮೊದಲ ರಾತ್ರಿ ನಾನು ಇಡೀ ದೃಶ್ಯವನ್ನು ರೆಂಡರ್ ಮಾಡಲಿಲ್ಲ. 24 ಫ್ರೇಮಿಗೆ ಒಂದರಂತೆ ಮಾತ್ರ ತೆಗೆಯಲು ಹೇಳಿದೆ:

```
blender -b scene.blend -s 1 -e 240 -j 24 -a > log.txt
```

ಬ್ಲೆಂಡರ್ ಈ ಸೂಚನೆಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಪಾಲಿಸುವುದರಿಂದ, ರೆಂಡರ್ ಆರಂಭಿಸುವ `-a` ಕೊನೆಯಲ್ಲೇ ಇರಬೇಕು. ಅದರ ನಂತರ ಬರೆದ ಫ್ರೇಮ್ ಸಂಖ್ಯೆಗಳಿಂದ ಯಾವ ಪರಿಣಾಮವೂ ಆಗುವುದಿಲ್ಲ. ಬೆಳಿಗ್ಗೆ 1, 25, 49 ಹೀಗೆ 217ರವರೆಗೆ ಹತ್ತು ಚಿತ್ರಗಳು ಸಿದ್ಧವಾಗಿದ್ದವು. ಟೆಕ್ಸ್ಚರ್ ಕಾಣೆಯಾಗಿದ್ದರೆ ಆ ವಸ್ತು ಕಡುಗುಲಾಬಿ ಬಣ್ಣದಲ್ಲಿ ಬರುತ್ತದೆಯಾದ್ದರಿಂದ ಅಂಥ ದೋಷವೂ ಈ ಹಂತದಲ್ಲೇ ಕಣ್ಣಿಗೆ ಬೀಳುತ್ತದೆ. ಲಾಗ್ ನೋಡಿದಾಗ ಎಂಟು ಫ್ರೇಮುಗಳು ತಲಾ ಸುಮಾರು 9 ನಿಮಿಷ ತೆಗೆದುಕೊಂಡಿದ್ದವು. 169 ಮತ್ತು 193 ಮಾತ್ರ ತಲಾ 35 ನಿಮಿಷದ ಹತ್ತಿರ.

ಈ ವ್ಯತ್ಯಾಸಕ್ಕೆ ಮರಗಳ ಎಲೆಗಳಲ್ಲಿ ಬೆಳಕು ಹಲವು ಬಾರಿ ಪುಟಿಯುವುದು ಅರ್ಧ ಕಾರಣ ಮಾತ್ರ. ಉಳಿದದ್ದು ಮೆಮೊರಿಯದು. ಲಾಗ್‌ನಲ್ಲಿ `Peak` ಎಂಬುದರ ಮುಂದಿನ ಅಂಕಿ ಯಂತ್ರದ ಖಾಲಿ ಮೆಮೊರಿಯನ್ನು ಮೀರಿದರೆ, ಉಳಿದ ಭಾಗವನ್ನು ಕಂಪ್ಯೂಟರ್ ಡಿಸ್ಕ್‌ನಲ್ಲಿ ಇರಿಸಿ ಮತ್ತೆ ಮತ್ತೆ ತಂದುಕೊಳ್ಳುತ್ತದೆ. ಪ್ರೊಸೆಸರಿನ ಬಳಕೆ ನೂರರಿಂದ ಕೆಳಗಿಳಿದು ಡಿಸ್ಕ್ ಮಾತ್ರ ಬಿಡುವಿಲ್ಲದೆ ದುಡಿಯುತ್ತಿದ್ದರೆ ಇದೇ ನಡೆಯುತ್ತಿದೆ ಎಂದು ತಿಳಿಯಬಹುದು. ಎಂಟು ಬಿಟ್‌ನ ಒಂದು 4ಕೆ ಟೆಕ್ಸ್ಚರ್, ಡಿಸ್ಕ್‌ನಲ್ಲಿ ಎಷ್ಟೇ ಚಿಕ್ಕ ಕಡತವಾಗಿರಲಿ, ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 64 ಎಂಬಿ ಹಿಡಿಯುತ್ತದೆ. ನಲವತ್ತು ಟೆಕ್ಸ್ಚರುಗಳಿದ್ದರೆ ಅಲ್ಲಿಗೇ ಎರಡೂವರೆ ಜಿಬಿ ಆಯಿತು. `Simplify` ವಿಭಾಗದ `Texture Limit` ಅನ್ನು 2048ಕ್ಕೆ ಇಳಿಸಿದರೆ ಪ್ರತಿಯೊಂದೂ 16 ಎಂಬಿಗೆ ಇಳಿಯುತ್ತದೆ. ಹೀಗೆ ಮಾಡಿದ ಮೇಲೆ ಮರಗಳ ಭಾಗ ಸ್ವಲ್ಪ ಹಗುರವಾಯಿತಾದರೂ ರಾತ್ರಿಗೆ ಒಗ್ಗುವಷ್ಟು ಆಗಲಿಲ್ಲ. ಒಂದು ಎಚ್ಚರ: ಈ ಮಿತಿ ಮನೆಯಲ್ಲೂ ಕ್ಲೌಡ್‌ನಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಎರಡು ಕಡೆಯ ಫ್ರೇಮುಗಳು ಸೇರುವ ಜಾಗದಲ್ಲಿ ಮೇಲ್ಮೈಗಳ ಸೂಕ್ಷ್ಮತೆ ತಟ್ಟನೆ ಬದಲಾಗುವುದು ಕಾಣುತ್ತದೆ.

145 ಮತ್ತು 217 ಹಗುರವಾಗಿಯೇ ಇದ್ದುದರಿಂದ, ಅಂಚು ಎಲ್ಲಿದೆಯೆಂದು ತಿಳಿಯಲು ನಡುವಿನ ಇನ್ನು ಕೆಲವು ಫ್ರೇಮುಗಳನ್ನು ತೆಗೆದು ನೋಡಿದೆ. ಭಾರದ ಪಟ್ಟಿ 151ರಿಂದ 210ರವರೆಗೆ, ಅಂದರೆ 60 ಫ್ರೇಮುಗಳು ಎಂದು ಗೊತ್ತಾಯಿತು. ಇವಕ್ಕೆ ಮನೆಯಲ್ಲಿ 35 ಗಂಟೆ ಬೇಕು. ಉಳಿದ 180ಕ್ಕೆ 27 ಗಂಟೆ ಸಾಕು, ಎಂಟು ಗಂಟೆಯ ರಾತ್ರಿಗಳಲ್ಲಿ ಮೂರಕ್ಕಿಂತ ತುಸು ಹೆಚ್ಚು. ಬಾಡಿಗೆಯ ಜಿಪಿಯು ಭಾರದ ಫ್ರೇಮನ್ನು 2 ನಿಮಿಷದಲ್ಲಿ ಮುಗಿಸುತ್ತಿತ್ತು, ಹಾಗಾಗಿ 60ಕ್ಕೆ ಎರಡು ಗಂಟೆ, ಸಿದ್ಧತೆ ಮತ್ತು ಕಡತ ಸಾಗಣೆಗೆ ಇನ್ನರ್ಧ ಗಂಟೆ. ಹಗುರವಾದವನ್ನೂ ಅಲ್ಲಿಗೇ ಕಳುಹಿಸಿದ್ದರೆ ಬಾಡಿಗೆ ಸುಮಾರು ಇಮ್ಮಡಿಯಾಗುತ್ತಿತ್ತು. ಹೊಸ ಯಂತ್ರದಲ್ಲಿ ಮೊದಲ ಫ್ರೇಮ್ ಸಿದ್ಧತೆಯ ಕಾರಣದಿಂದ ಹೆಚ್ಚು ಸಮಯ ತಿನ್ನಬಹುದು. ಲೆಕ್ಕಕ್ಕೆ ಎರಡನೆಯ ಫ್ರೇಮಿನ ಸಮಯವನ್ನೇ ತೆಗೆದುಕೊಳ್ಳಬೇಕು.

ಮನೆಯ ರಾತ್ರಿಗಳಿಗೆ ಎರಡು ಏರ್ಪಾಡು ಮಾಡಿದೆ. ಮೊದಲನೆಯದು, ನೇರವಾಗಿ ವಿಡಿಯೊ ಕಡತಕ್ಕೆ ಬರೆಯದೆ ಪ್ರತಿ ಫ್ರೇಮನ್ನೂ ಬೇರೆ ಚಿತ್ರವಾಗಿ ಉಳಿಸಿ, `Output` ವಿಭಾಗದಲ್ಲಿ `Overwrite` ಗುರುತನ್ನು ತೆಗೆದದ್ದು. ಆಗ ಈಗಾಗಲೇ ಇರುವ ಫ್ರೇಮನ್ನು ಬ್ಲೆಂಡರ್ ಬಿಟ್ಟು ಮುಂದೆ ಹೋಗುತ್ತದೆ. ಪರೀಕ್ಷೆಗೆಂದು ತೆಗೆದ ಚಿತ್ರಗಳೂ, ಆನಂತರ ಯಾವ ಹೊಂದಿಕೆಯೂ ಬದಲಾಗಿರದಿದ್ದರೆ, ಹಾಗೆಯೇ ಉಪಯೋಗಕ್ಕೆ ಬರುತ್ತವೆ. ನಾನು ಟೆಕ್ಸ್ಚರ್ ಮಿತಿ ಬದಲಿಸಿದ್ದರಿಂದ ಅವನ್ನು ಅಳಿಸಿ ಹೊಸದಾಗಿ ತೆಗೆಯಬೇಕಾಯಿತು. ಎರಡನೆಯದು, ಇಡೀ ಕೆಲಸವನ್ನು ತುಂಡುಗಳಾಗಿ ಒಡೆದದ್ದು:

```
for s in $(seq 1 15 136) $(seq 211 15 226); do
  blender -b scene.blend -s $s -e $((s+14)) -a
done
```

ಪ್ರತಿ 15 ಫ್ರೇಮಿಗೆ ಬ್ಲೆಂಡರ್ ಮುಚ್ಚಿ ಹೊಸದಾಗಿ ತೆರೆಯುವುದರಿಂದ ಮೆಮೊರಿ ತೆರವಾಗುತ್ತದೆ. ಒಂದು ತುಂಡು ಮಧ್ಯದಲ್ಲಿ ನಿಂತರೂ ಮುಂದಿನದು ಶುರುವಾಗುತ್ತದೆ. ಮರುದಿನ ಇದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಬಿಟ್ಟುಹೋದವು ಮಾತ್ರ ತುಂಬಿಕೊಳ್ಳುತ್ತವೆ. ಒಂದೇ ಫ್ರೇಮ್ ಎರಡು ರಾತ್ರಿಯೂ ಬಾರದಿದ್ದರೆ ಅದನ್ನು ಕ್ಲೌಡ್ ಪಟ್ಟಿಗೆ ಸೇರಿಸುವುದೇ ಸರಿ. ಹಲವು ಯಂತ್ರಗಳು ಒಂದೇ ಫೋಲ್ಡರಿಗೆ ಬರೆಯುವಾಗ ನೆರವಾಗುವ `Placeholders` ಅನ್ನು ಒಂಟಿ ಯಂತ್ರದಲ್ಲಿ ಹಾಕದಿರುವುದೇ ಒಳಿತು: ಅದು ಮೊದಲೇ ಖಾಲಿ ಕಡತವನ್ನು ಸೃಷ್ಟಿಸುತ್ತದೆ, ವಿದ್ಯುತ್ ಹೋದರೆ ಆ ಸೊನ್ನೆ ಗಾತ್ರದ ಕಡತ ಉಳಿದು ಮರುದಿನ ಸಿದ್ಧ ಫ್ರೇಮಿನಂತೆ ವೇಷ ಹಾಕುತ್ತದೆ. ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ಮಾಡಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಕ್ಲೌಡ್‌ನಲ್ಲಿ ನಾನು ಆರಿಸಿಕೊಂಡದ್ದು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಾದ ಅಗ್ಗದ ಬಾಡಿಗೆಯನ್ನು; ಇದನ್ನು ಸ್ಪಾಟ್ ಎನ್ನುತ್ತಾರೆ. ಅಮೆಜಾನ್‌ನಲ್ಲಿ ಹಿಂಪಡೆಯುವ ಮೊದಲು 2 ನಿಮಿಷದ, ಗೂಗಲ್‌ನಲ್ಲಿ 30 ಸೆಕೆಂಡಿನ ಮುನ್ಸೂಚನೆ ಸಿಗುತ್ತದೆ. ಬೇರೆ ಕೆಲಸಗಳಿಗೆ ಇದು ತೊಡಕಾದರೂ ರೆಂಡರಿಂಗ್‌ಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಮುಗಿದ ಫ್ರೇಮುಗಳನ್ನು ಆಗಾಗ `rsync` ಮೂಲಕ ಮನೆಗೆ ತಂದುಕೊಳ್ಳುತ್ತಿದ್ದರೆ ಕಳೆದುಹೋಗುವುದು ಅರ್ಧವಾಗಿದ್ದ ಒಂದು ಫ್ರೇಮ್ ಮತ್ತು ಇನ್ನೂ ತಂದಿರದ ಕೆಲವು ಮಾತ್ರ. ಶೀಪ್‌ಇಟ್‌ನಂಥ ಉಚಿತ ವ್ಯವಸ್ಥೆಯೂ ಇದೆ. ಅಲ್ಲಿ ಇತರರ ಫ್ರೇಮುಗಳನ್ನು ರೆಂಡರ್ ಮಾಡಿಕೊಟ್ಟು ಅಂಕ ಗಳಿಸಿದಷ್ಟೂ ನಮ್ಮ ಕೆಲಸಕ್ಕೆ ಆದ್ಯತೆ ಸಿಗುತ್ತದೆ, ಆದರೆ ನನ್ನಂಥ ಯಂತ್ರಕ್ಕೆ ಆ ಗಳಿಕೆ ಬಲು ನಿಧಾನ.

ಗಡಿಯಾರ ಓಡಲು ಶುರುವಾಗುವ ಮೊದಲೇ, ಅಂದರೆ ಯಂತ್ರವನ್ನು ಬಾಡಿಗೆಗೆ ಪಡೆಯುವ ಮೊದಲೇ, ಕಡತವನ್ನು ಸಿದ್ಧಪಡಿಸಿಟ್ಟೆ. `Pack Resources` ಟೆಕ್ಸ್ಚರುಗಳನ್ನು ಕಡತದೊಳಗೆ ಸೇರಿಸುತ್ತದೆ, ಆದರೆ ಹೊಗೆ, ನೀರಿನಂಥ ಸಿಮ್ಯುಲೇಶನ್‌ಗಳ ಕ್ಯಾಶ್ ಅದರಲ್ಲಿ ಸೇರುವುದಿಲ್ಲ. ಅದನ್ನು ಬೇಕ್ ಮಾಡಿ, ಫೋಲ್ಡರನ್ನು `//` ಎಂದು ಆರಂಭವಾಗುವ ಸಾಪೇಕ್ಷ ಹಾದಿಯಲ್ಲಿಟ್ಟು ಜೊತೆಯಲ್ಲೇ ಕಳುಹಿಸಬೇಕು. ಕ್ಯಾಶ್ ಇಲ್ಲದೆ 151ನೇ ಫ್ರೇಮಿನಿಂದ ಆರಂಭಿಸಿದ ಯಂತ್ರಕ್ಕೆ ಹಿಂದಿನ 150 ಫ್ರೇಮುಗಳಲ್ಲಿ ಹೊಗೆ ಹೇಗೆ ಹರಡಿತ್ತೆಂಬುದು ಗೊತ್ತಿರುವುದಿಲ್ಲ. ಎರಡೂ ಕಡೆ `blender --version` ಕೊಟ್ಟು ಆವೃತ್ತಿ ಒಂದೇ ಎಂದು ನೋಡಿಕೊಂಡು, ಹೀಗೆ ನಡೆಸಿದೆ:

```
blender -b scene.blend -E CYCLES -s 151 -e 210 -a -- --cycles-device OPTIX
```

ಕೊನೆಯ ಭಾಗವನ್ನು ಬರೆಯದಿದ್ದರೆ, ಕಡತವನ್ನು ಜಿಪಿಯು ಇಲ್ಲದ ಯಂತ್ರದಲ್ಲಿ ಉಳಿಸಿದ್ದರಿಂದ, ಬಾಡಿಗೆಯ ಯಂತ್ರವೂ ಪ್ರೊಸೆಸರಿನಲ್ಲೇ ರೆಂಡರ್ ಮಾಡುವ ಸಂಭವವಿದೆ. `nvidia-smi` ಒಮ್ಮೆ ನೋಡಿ ಜಿಪಿಯು ಬಳಕೆ ಏರಿದೆಯೇ ಎಂದು ಖಚಿತಪಡಿಸಿಕೊಳ್ಳಲು ಅರ್ಧ ನಿಮಿಷ ಸಾಕು.

ಎಲ್ಲ ಫ್ರೇಮುಗಳನ್ನೂ ಒಂದೇ ಫೋಲ್ಡರಿಗೆ ತಂದ ಮೇಲೆ ಎಣಿಸಿದೆ, ಉಳಿದವುಗಳಿಗಿಂತ ತೀರ ಚಿಕ್ಕದಾದ ಕಡತಗಳಿವೆಯೇ ಎಂದು ನೋಡಿದೆ, 150–151 ಮತ್ತು 210–211ರ ಜೋಡಣೆಗಳನ್ನು ಹಿಂದೆ ಮುಂದೆ ಓಡಿಸಿ ಬಣ್ಣ, ನಾಯ್ಸ್ ಚುಕ್ಕೆಗಳಲ್ಲಿ ನೆಗೆತವಿಲ್ಲವೆಂದು ತಿಳಿದುಕೊಂಡೆ. ಇದಾದ ನಂತರವೇ ಬಾಡಿಗೆಯ ಯಂತ್ರವನ್ನು ಅಳಿಸಿದೆ. ಯಂತ್ರವನ್ನು ನಿಲ್ಲಿಸಿದ ಮಾತ್ರಕ್ಕೆ ಅದರ ಡಿಸ್ಕ್‌ನ ಬಾಡಿಗೆ ಸಾಮಾನ್ಯವಾಗಿ ನಿಲ್ಲುವುದಿಲ್ಲವಾದ್ದರಿಂದ, ಡಿಸ್ಕ್ ಕೂಡ ಪಟ್ಟಿಯಿಂದ ಹೋಗಿದೆಯೇ ಎಂದು ನೋಡಿಯೇ ಹೊರಬಂದೆ.